‘ಹಸಿ’ಗೆ ವಿರುದ್ಧ ಯಾವುದು?

‘ವಿರುದ್ಧಾರ್ಥಕ ಪದಗಳನ್ನು ಬರೆಯಿರಿ’ ಎಂಬ ಅಭ್ಯಾಸ ಪ್ರಾಥಮಿಕ ಶಾಲೆಯ ಕನ್ನಡ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಎಡಗಡೆ ಒಂದು ಪದ, ನಡುವೆ ಗುಣಾಕಾರದ ಗುರುತು, ಬಲಗಡೆ ಖಾಲಿ ಗೆರೆ. ಹಗಲು × ರಾತ್ರಿ, ಸಿಹಿ × ಕಹಿ, ಗುರು × ಶಿಷ್ಯ, ಹತ್ತು × ಇಳಿ, ನ್ಯಾಯ × ಅನ್ಯಾಯ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಸಿಗುತ್ತದೆ. ಈಗ ಅದೇ ಗುರುತಿನ ಎಡಗಡೆ ‘ಹಸಿ’ ಎಂದು ಬರೆದು, ಅಂಕೋಲಾ ತಾಲ್ಲೂಕಿನ ಶೆಟಗೇರಿಯಂಥ ಕರಾವಳಿಯ ಊರೊಂದರಲ್ಲಿ ಉತ್ತರ ಹುಡುಕಬೇಕು. ಮೀನು ಮಾರುವವರ ಬುಟ್ಟಿಯ ಮುಂದೆ ಹಸಿಗೆ ವಿರುದ್ಧ ‘ಒಣ’. ಮಳೆಗಾಲಕ್ಕೆಂದು ಕಟ್ಟಿಡುವುದು ಒಣಮೀನು, ಅಂದಂದೇ ಸಾರಿಗೆ ಬೀಳುವುದು ಹಸಿಮೀನು. ಅಡುಗೆಮನೆಗೆ ಬಂದರೆ ಹಸಿ ತರಕಾರಿಗೆ ವಿರುದ್ಧ ‘ಬೆಂದ’ ತರಕಾರಿ. ಕಾಲಿಗೆ ಆದದ್ದು ಹಸಿ ಗಾಯವಾದರೆ ಅದರ ವಿರುದ್ಧ ‘ಮಾಗಿದ’ ಗಾಯ. ಹಸಿ ಸುಳ್ಳಿಗೆ ವಿರುದ್ಧವೇ ಇಲ್ಲ. ಒಣ ಸುಳ್ಳು, ಬೆಂದ ಸುಳ್ಳು, ಮಾಗಿದ ಸುಳ್ಳು ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ಹೀಗೆ ಒಂದೇ ಪದಕ್ಕೆ ಮೂರು ವಿರುದ್ಧ ಪದಗಳಿವೆ, ನಾಲ್ಕನೆಯ ಕಡೆ ಒಂದೂ ಇಲ್ಲ. ಅಂದ ಮೇಲೆ ವಿರೋಧ ಎಂಬುದು ‘ಹಸಿ’ ಎಂಬ ಪದದ ಹೊಟ್ಟೆಯೊಳಗೆ ಇರುವ ಗುಣವಲ್ಲ. ಆ ಪದ ಯಾವ ವಸ್ತುವಿನ ಬಗೆಗಳನ್ನು ಬೇರ್ಪಡಿಸಲು ನಿಂತಿದೆ ಎಂಬುದರಿಂದ ವಿರೋಧ ಹುಟ್ಟುತ್ತದೆ.

ಈ ಲೇಖನದ ವಾದ ಇಷ್ಟೇ. ಎರಡು ಪದಗಳು ಪರಸ್ಪರ ವಿರುದ್ಧವಾಗಬೇಕಾದರೆ ಅವು ಮೊದಲು ಒಂದೇ ತಾಯಿಪದದ ಮಕ್ಕಳಾಗಿರಬೇಕು. ಒಣಮೀನು, ಹಸಿಮೀನು ಎರಡೂ ಮೀನೇ. ಆದ್ದರಿಂದಲೇ ಅವು ಎದುರುಬದುರು ನಿಲ್ಲಬಲ್ಲವು. ಒಣಮೀನು ಮತ್ತು ಮಂಗಳವಾರ ಒಂದಕ್ಕೊಂದು ತೀರ ಬೇರೆ, ಆದರೆ ವಿರುದ್ಧವಲ್ಲ, ಯಾಕೆಂದರೆ ಅವೆರಡನ್ನೂ ಒಳಗೊಳ್ಳುವ ಹತ್ತಿರದ ತಾಯಿಪದವಿಲ್ಲ. ವಿರುದ್ಧ ಪದಗಳು ಎಂದರೆ ಅತ್ಯಂತ ದೂರದ ಪದಗಳು ಎಂಬ ಸಾಮಾನ್ಯ ಗ್ರಹಿಕೆ ತಲೆಕೆಳಗಾದದ್ದು. ಅವು ಅತ್ಯಂತ ಹತ್ತಿರದ ಪದಗಳು. ಎಲ್ಲದರಲ್ಲೂ ಹೊಂದಿಕೊಂಡು ಒಂದೇ ಒಂದು ವಿಷಯದಲ್ಲಿ ಬೇರಾದವು. ಭಾಷಾವಿಜ್ಞಾನಿಗಳು ಈ ತಾಯಿ-ಮಗು ನಂಟನ್ನು ಹೈಪೊನಿಮಿ ಎನ್ನುತ್ತಾರೆ. ಇಲ್ಲಿ ಅದನ್ನು ಬಗೆ-ನಂಟು ಎನ್ನೋಣ. ವಿರೋಧದ ಎಷ್ಟು ಜಾತಿಗಳಿವೆ ಎಂಬುದನ್ನು ಜಾನ್ ಲಯನ್ಸ್ 1977ರಲ್ಲಿ, ಡಿ. ಎ. ಕ್ರೂಸ್ 1986ರಲ್ಲಿ ತಮ್ಮ ಪುಸ್ತಕಗಳಲ್ಲಿ ವಿಸ್ತಾರವಾಗಿ ವಿಂಗಡಿಸಿದ್ದಾರೆ. ಆ ವಿಂಗಡಣೆಯನ್ನು ಹಾಗೆಯೇ ಒಪ್ಪಿಸುವುದು ಇಲ್ಲಿಯ ಉದ್ದೇಶವಲ್ಲ. ತಾಯಿಪದದ ಜಾಗ ಹೇಗೆ ಭಾಗವಾಗಿದೆ ಎಂದು ನೋಡಿದರೆ ವಿರೋಧದ ಜಾತಿ ತಾನಾಗಿಯೇ ಗೊತ್ತಾಗುತ್ತದೆ ಎಂಬುದನ್ನು ಅಂಕೋಲೆಯ ಮಾವು, ಮೀನು, ಗದ್ದೆಗಳಿಂದ ತೋರಿಸಬಹುದು.

ಮಾವಿನಿಂದ ಶುರುಮಾಡೋಣ. 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಅಂಕೋಲೆಯ ಕರಿ ಈಶಾಡ ಈಗ ಹೊರಗಿನವರಿಗೂ ಗೊತ್ತು. ಈಶಾಡ ಎಂಬ ತಳಿಯಲ್ಲಿ ಎರಡು ಬಗೆ: ಕರಿ ಈಶಾಡ, ಬಿಳಿ ಈಶಾಡ. ಕರಿ ಈಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಪರಿಮಳವೂ ರುಚಿಯೂ ಮೇಲು. ಬಿಳಿ ಈಶಾಡದ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಕಡಿಮೆ. ಇಲ್ಲಿ ಪದಗಳು ಮೂರು ಮೆಟ್ಟಿಲಾಗಿ ನಿಂತಿವೆ: ಮಾವು, ಅದರ ಕೆಳಗೆ ಈಶಾಡ, ಅದರ ಕೆಳಗೆ ಕರಿ ಮತ್ತು ಬಿಳಿ. ಬಗೆ-ನಂಟಿಗೆ ಒಂದು ಸರಳ ಪರೀಕ್ಷೆಯಿದೆ. ‘ಇದು ಕರಿ ಈಶಾಡ, ಆದ್ದರಿಂದ ಇದು ಮಾವು’ ಎಂಬ ಮಾತು ಯಾವಾಗಲೂ ನಿಜ. ‘ಇದು ಮಾವು, ಆದ್ದರಿಂದ ಇದು ಕರಿ ಈಶಾಡ’ ಎಂಬುದು ಹಾಗಲ್ಲ. ಕೆಳಗಿನಿಂದ ಮೇಲಕ್ಕೆ ಮಾತು ಸಾಗುತ್ತದೆ, ಮೇಲಿನಿಂದ ಕೆಳಕ್ಕೆ ಸಾಗುವುದಿಲ್ಲ. ಇಲ್ಲವೆಂಬ ಮಾತು ಬಂದರೆ ದಿಕ್ಕು ಬದಲಾಗುತ್ತದೆ: ‘ಮನೆಯಲ್ಲಿ ಮಾವೇ ಇಲ್ಲ’ ಎಂದರೆ ಈಶಾಡವೂ ಇಲ್ಲ ಎಂದಾಯಿತು, ‘ಈಶಾಡ ಇಲ್ಲ’ ಎಂದರೆ ಬೇರೆ ಮಾವು ಇರಬಹುದು.

ಈಗ ‘ಕರಿ’ ಮತ್ತು ‘ಬಿಳಿ’ಯನ್ನು ನೋಡಿ. ಬಣ್ಣದ ಲೋಕದಲ್ಲಿ ಇವೆರಡರ ನಡುವೆ ಬೂದು ಇದೆ, ಪಕ್ಕದಲ್ಲಿ ಕೆಂಪು, ಹಸಿರು, ಹಳದಿಗಳಿವೆ. ಒಂದು ಸೀರೆ ಕರಿಯದಲ್ಲ ಎಂದ ಮಾತ್ರಕ್ಕೆ ಅದು ಬಿಳಿಯದೆಂದು ಯಾರೂ ತಿಳಿಯುವುದಿಲ್ಲ. ಅದೇ ಈಶಾಡದ ಬುಟ್ಟಿಯ ಮುಂದೆ ‘ಇದು ಕರಿ ಅಲ್ಲ’ ಎಂದರೆ ಸಾಕು, ಬಿಳಿ ಎಂದು ಗೊತ್ತಾಗುತ್ತದೆ, ಬೆಲೆಯೂ ಇಳಿಯುತ್ತದೆ. ಪದಗಳು ಅವೇ, ಆದರೆ ಸೀರೆಯ ಮೇಲೆ ಒಂದು ಬಗೆಯ ವಿರೋಧ, ಈಶಾಡದ ಮೇಲೆ ಇನ್ನೊಂದು ಬಗೆಯದು. ಕಾರಣ ಸರಳ: ಬಣ್ಣಕ್ಕೆ ಮಕ್ಕಳು ಹಲವು, ಈಶಾಡಕ್ಕೆ ಇಬ್ಬರೇ. ತಾಯಿಪದದ ಜಾಗ ಎರಡೇ ಕೋಣೆಗಳಾಗಿ, ನಡುವೆ ಸಂದಿಯಿಲ್ಲದೆ ಭಾಗವಾದಾಗ ಒಂದರ ನಿಷೇಧವೇ ಇನ್ನೊಂದರ ವಿಧಿಯಾಗುತ್ತದೆ. ಭಾಷಾವಿಜ್ಞಾನದಲ್ಲಿ ಇದಕ್ಕೆ ಪೂರಕ ವಿರೋಧ ಎಂದು ಹೆಸರು. ಬದುಕಿರುವುದು-ಸತ್ತಿರುವುದು, ಇದೆ-ಇಲ್ಲ ಇವು ಇದೇ ಜಾತಿಯವು. ಇನ್ನೊಂದು ಮಾತು: ಇಲ್ಲಿ ಕರಿ, ಬಿಳಿ ಬಣ್ಣವನ್ನು ಹೇಳುವ ಕೆಲಸವನ್ನೇ ಬಹುಪಾಲು ಬಿಟ್ಟಿವೆ. ಯಾವ ಬಿಳಿ ಈಶಾಡವೂ ಹಾಲಿನಂತಿಲ್ಲ. ಎರಡು ಬಗೆಗಳನ್ನು ಬೇರೆಮಾಡಲು ಸಿದ್ಧವಾಗಿದ್ದ ಒಂದು ಜೋಡಿಯನ್ನು ಭಾಷೆ ಎತ್ತಿ ಅಲ್ಲಿಗೆ ತಂದು ಕೂರಿಸಿದೆ, ಅಷ್ಟೇ.

ಮೀನಿನ ವಿಷಯಕ್ಕೆ ಬಂದರೆ ಬಗೆ-ನಂಟಿನ ಇನ್ನೊಂದು ಮುಖ ಕಾಣುತ್ತದೆ. ಬಂಗಡೆ ಮೀನು, ತಾರ್ಲೆ ಮೀನು, ನೊಗಲಿ ಮೀನು. ‘ಬಂಗಡೆ ಮತ್ತು ಬೇರೆ ಮೀನುಗಳು’ ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ‘ಶೆಟ್ಲಿ ಮತ್ತು ಬೇರೆ ಮೀನುಗಳು’ ಎಂದಾಗ ನಾಲಿಗೆ ತುಸು ತಡೆಯುತ್ತದೆ. ‘ಚಿಪ್ಪೆಕಲ್ಲು ಮತ್ತು ಬೇರೆ ಮೀನುಗಳು’ ಎಂದಾಗ ಇನ್ನೂ ತಡೆಯುತ್ತದೆ. ಶೆಟ್ಲಿಯೂ ಚಿಪ್ಪೆಕಲ್ಲೂ ಬಿಕರಿಯಾಗುವುದು ಮೀನುಪೇಟೆಯಲ್ಲೇ. ‘ಇವತ್ತು ಮೀನು ಏನು ಸಿಕ್ಕಿತು’ ಎಂಬ ಪ್ರಶ್ನೆಗೆ ‘ಶೆಟ್ಲಿ’ ಎಂಬ ಉತ್ತರ ಸರಿಯಾಗಿಯೇ ಕೇಳುತ್ತದೆ. ಅಂದರೆ ‘ಮೀನು’ ಎಂಬ ಪದಕ್ಕೆ ಎರಡು ಅಗಲಗಳಿವೆ. ಊಟದ ಮಾತಿನಲ್ಲಿ ಅದು ನೀರಿನಿಂದ ಬಂದು ಬಟ್ಟಲಿಗೆ ಬೀಳುವ ಎಲ್ಲವನ್ನೂ ಹಿಡಿಯುತ್ತದೆ. ಪ್ರಾಣಿಯ ಮಾತಿನಲ್ಲಿ ಪೊರೆ, ಮುಳ್ಳು, ಈಜುರೆಕ್ಕೆ ಇರುವುದನ್ನು ಮಾತ್ರ ಹಿಡಿಯುತ್ತದೆ. ಬಗೆ-ನಂಟು ಪ್ರಕೃತಿಯಲ್ಲಿ ಬರೆದಿಟ್ಟದ್ದಲ್ಲ, ಬಳಕೆಯಲ್ಲಿ ಬೆಳೆದದ್ದು ಎಂಬುದಕ್ಕೆ ಇದು ಸಾಕ್ಷಿ. ಬಂಗಡೆ, ತಾರ್ಲೆ, ನೊಗಲಿ ಒಂದೇ ತಾಯಿಯ ಮಕ್ಕಳಾದರೂ ಯಾವ ಎರಡೂ ಪರಸ್ಪರ ವಿರುದ್ಧವಲ್ಲ ಎಂಬುದನ್ನೂ ಗಮನಿಸಬೇಕು. ಬಂಗಡೆಯಾದದ್ದು ತಾರ್ಲೆಯಲ್ಲ, ಅವು ಒಂದರೊಳಗೊಂದು ಕೂಡುವುದಿಲ್ಲ. ಆದರೆ ಮಕ್ಕಳು ಇಬ್ಬರಿಗಿಂತ ಹೆಚ್ಚಾಗಿದ್ದು ಅವರನ್ನು ಒಂದೇ ಅಳತೆಗೋಲಿನ ಎರಡು ಕೊನೆಗೆ ನಿಲ್ಲಿಸುವ ಗುಣವಿಲ್ಲದಿದ್ದರೆ ವಿರೋಧ ಹುಟ್ಟದು. ಒಡಹುಟ್ಟು ವಿರೋಧಕ್ಕೆ ಬೇಕೇಬೇಕು, ಆದರೆ ಅದೊಂದೇ ಸಾಲದು.

ಅಳತೆಗೋಲು ಎಂದೆ. ಅದನ್ನು ತಿಳಿಯಲು ಗಜನಿಗಿಂತ ಒಳ್ಳೆಯ ಜಾಗವಿಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಗದ್ದೆಗೆ ಮಕ್ಕಿ, ಬೈಲು, ಗಜನಿ ಎಂಬ ಬಗೆಗಳಿವೆ. ಮಕ್ಕಿ ಎತ್ತರದ್ದು, ಮಳೆ ನಂಬಿದ್ದು. ಬೈಲು ತಗ್ಗಿನದು, ನೀರು ನಿಲ್ಲುವಂಥದ್ದು. ಗಜನಿ ನದಿ ಸಮುದ್ರ ಸೇರುವ ಕಡೆಯ ಉಪ್ಪುನೀರಿನ ಗದ್ದೆ. ಮಳೆಗಾಲದಲ್ಲಿ ಮಳೆ ಮತ್ತು ಹೊಳೆಯ ನೀರು ಗಜನಿಯ ಉಪ್ಪನ್ನು ತೊಳೆದುಕೊಂಡು ಹೋದಾಗ ಅಲ್ಲಿ ಭತ್ತ ಬೆಳೆಯುತ್ತಾರೆ; ಉಪ್ಪನ್ನೂ ನೆರೆಯ ಮುಳುಗಡೆಯನ್ನೂ ತಾಳುವ ಕಗ್ಗ ಎಂಬ ತಳಿ ಇದಕ್ಕೆಂದೇ ಉಳಿದುಬಂದದ್ದು. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಬಾಗಿಲು ತೆರೆದು ಭರತಿಯ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಅದರ ಜೊತೆ ಶೆಟ್ಲಿಯೂ ಮೀನೂ ಬರುತ್ತವೆ. ಒಂದೇ ನೆಲ ವರ್ಷದಲ್ಲಿ ಸಿಹಿನೀರಿನಿಂದ ಉಪ್ಪುನೀರಿಗೆ, ಮತ್ತೆ ಸಿಹಿಗೆ ಹೊರಳುತ್ತದೆ.

ಶಾಲೆಯ ಪುಸ್ತಕದಲ್ಲಿ ಸಿಹಿಗೆ ವಿರುದ್ಧ ಕಹಿ. ಗಜನಿಯ ದಂಡೆಯಲ್ಲಿ ಸಿಹಿಗೆ ವಿರುದ್ಧ ಉಪ್ಪು. ಊಟದ ಎಲೆಯ ಮುಂದೆ ಉಪ್ಪಿಗೆ ವಿರುದ್ಧ ಸಿಹಿಯಲ್ಲ, ಸಪ್ಪೆ. ಮೂರೂ ಸರಿ, ಮೂರರ ತಾಯಿಪದವೂ ಬೇರೆ: ಒಂದು ಕಡೆ ರುಚಿ, ಒಂದು ಕಡೆ ನೀರು, ಒಂದು ಕಡೆ ಸಾರಿನ ಹದ. ಈಶಾಡದಲ್ಲಿ ಇದ್ದಂತೆ ನೀರಿನಲ್ಲಿ ಎರಡೇ ಕೋಣೆಗಳಿಲ್ಲ. ಸಿಹಿನೀರು ಮತ್ತು ಉಪ್ಪುನೀರಿನ ನಡುವೆ ಸವಳು ನೀರು ಇದೆ, ಅದರಲ್ಲೂ ಹೆಚ್ಚು ಕಡಿಮೆ ಇದೆ. ‘ಈ ಬಾವಿಯ ನೀರು ಸಿಹಿಯಲ್ಲ’ ಎಂದರೆ ಅದು ಸಮುದ್ರದಷ್ಟು ಉಪ್ಪೆಂದು ಅರ್ಥವಲ್ಲ. ಇದು ಅಳತೆಯ ವಿರೋಧ. ಇದನ್ನು ಗುರುತಿಸುವ ಬಗೆ ಹೀಗೆ: ಪದದ ಹಿಂದೆ ‘ಸ್ವಲ್ಪ’, ‘ಬಹಳ’, ‘ಅದಕ್ಕಿಂತ’ ಎಂಬ ಮಾತುಗಳು ಕೂರುತ್ತವೆಯೇ ನೋಡಬೇಕು. ‘ಸ್ವಲ್ಪ ಉಪ್ಪು ನೀರು’, ‘ನಿನ್ನೆಗಿಂತ ಉಪ್ಪು’ ಎಂಬುವು ಕೂರುತ್ತವೆ. ‘ಸ್ವಲ್ಪ ಸತ್ತಿದೆ’, ‘ನಿನ್ನೆಗಿಂತ ಸತ್ತಿದೆ’ ಎಂಬುವು ಕೂರುವುದಿಲ್ಲ. ಎರಡು ತುದಿಗಳನ್ನೂ ಒಟ್ಟಿಗೆ ಅಲ್ಲಗಳೆಯಲು ಬರುತ್ತದೆಯೇ ಎಂಬುದು ಇನ್ನೊಂದು ಪರೀಕ್ಷೆ. ‘ಇದು ಸಿಹಿಯೂ ಅಲ್ಲ, ಉಪ್ಪೂ ಅಲ್ಲ’ ಎಂದು ನೀರಿನ ಬಗ್ಗೆ ಹೇಳಬಹುದು. ಈಶಾಡದ ಬಗ್ಗೆ ‘ಇದು ಕರಿಯೂ ಅಲ್ಲ, ಬಿಳಿಯೂ ಅಲ್ಲ’ ಎಂದರೆ ಅದು ಈಶಾಡವೇ ಅಲ್ಲ ಎಂದಾಗುತ್ತದೆ. ಪೂರಕ ವಿರೋಧದಲ್ಲಿ ಎರಡನ್ನೂ ನಿರಾಕರಿಸಿದರೆ ತಾಯಿಪದವೇ ಕೈಬಿಟ್ಟುಹೋಗುತ್ತದೆ. ಅಳತೆಯ ವಿರೋಧದಲ್ಲಿ ತಾಯಿಪದ ಉಳಿದುಕೊಳ್ಳುತ್ತದೆ. ಇಡೀ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಅಳತೆಯ ವಿರೋಧಕ್ಕೆ ಇನ್ನೂ ಒಂದು ಲಕ್ಷಣವಿದೆ. ಅದರ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಅಳೆಯುವ ವಸ್ತುವಿಗೆ ತಕ್ಕಂತೆ ಸರಿಯುತ್ತದೆ. ಕುಡಿಯುವವನ ನಾಲಿಗೆಗೆ ಉಪ್ಪೆನಿಸಿದ ನೀರು ಕಗ್ಗ ಭತ್ತಕ್ಕೆ ಏನೂ ಮಾಡದಿರಬಹುದು. ಬೇರೆ ತಳಿಯ ಸಸಿಯನ್ನು ಅದೇ ನೀರು ಸುಟ್ಟುಹಾಕಬಹುದು. ದೊಡ್ಡ ತಾರ್ಲೆ ಚಿಕ್ಕ ಇಸವಣಕ್ಕಿಂತ ಎಷ್ಟೋ ಚಿಕ್ಕದು. ಎರಡು ತುದಿಗಳೂ ಸಮಾನವಲ್ಲ ಎಂಬುದೂ ಇಲ್ಲೇ ಕಾಣುತ್ತದೆ. ದೋಣಿ ಎಷ್ಟು ಉದ್ದ ಎಂದು ಕೇಳುತ್ತೇವೆ, ಅದು ಗಿಡ್ಡ ದೋಣಿಯಾದರೂ ಸರಿ. ‘ಎಷ್ಟು ಗಿಡ್ಡ’ ಎಂದು ಕೇಳಿದರೆ ಗಿಡ್ಡ ಎಂಬುದು ಮೊದಲೇ ತೀರ್ಮಾನವಾದಂತೆ. ಜೋಡಿಯ ಒಂದು ಪದ ತನ್ನ ಕೆಲಸದ ಜೊತೆ ಅಳತೆಗೋಲಿನ ಹೆಸರಾಗಿಯೂ ದುಡಿಯುತ್ತದೆ, ಅಂದರೆ ತಾಯಿಪದದ ಜಾಗವನ್ನೂ ತುಂಬುತ್ತದೆ. ‘ಉದ್ದ’, ‘ಆಳ’, ‘ಎತ್ತರ’ ಎಲ್ಲವೂ ಹೀಗೆಯೇ. ಗುಣಾಕಾರದ ಗುರುತು ಎರಡು ಕಡೆಯೂ ಒಂದೇ ತೂಕ ಎಂದು ಸೂಚಿಸುತ್ತದೆ. ಭಾಷೆ ಹಾಗೆ ತೂಗುವುದಿಲ್ಲ.

ಭರತಿ ಮತ್ತು ಇಳತ ಇನ್ನೊಂದು ಜಾತಿ. ಸಮುದ್ರದ ನೀರು ಏರುವುದು ಭರತಿ, ಇಳಿಯುವುದು ಇಳತ. ಒಂದು ಭರತಿಯಿಂದ ಮುಂದಿನ ಭರತಿಗೆ ಸುಮಾರು 12 ಗಂಟೆ 25 ನಿಮಿಷ. ಇವೆರಡೂ ಸ್ಥಿತಿಗಳಲ್ಲ, ಚಲನೆಗಳು. ಒಂದರ ಕೊನೆ ಇನ್ನೊಂದರ ಆರಂಭ. ಹತ್ತು-ಇಳಿ, ಹೋಗು-ಬಾ, ಕಟ್ಟು-ಬಿಚ್ಚು, ತೆರೆ-ಮುಚ್ಚು ಇವುಗಳದ್ದೂ ಇದೇ ರೀತಿ. ಇವುಗಳೊಳಗೂ ಒಂದು ಒಳಭೇದವಿದೆ, ಅದು ಗಜನಿಯ ಬಾಗಿಲಲ್ಲಿ ಸ್ಪಷ್ಟವಾಗುತ್ತದೆ. ಇಳತ ಆಗಬೇಕಾದರೆ ಮೊದಲು ಭರತಿ ಆಗಿರಬೇಕು, ಭರತಿಗೂ ಮೊದಲು ಇಳತ ಬೇಕು. ಇಲ್ಲಿ ಎರಡೂ ಸಮ. ಆದರೆ ಹಲಗೆ ಬಿಚ್ಚಬೇಕಾದರೆ ಮೊದಲು ಕಟ್ಟಿರಬೇಕು. ಕಟ್ಟಬೇಕಾದರೆ ಮೊದಲು ಬಿಚ್ಚಿರಲೇಬೇಕೆಂದಿಲ್ಲ, ಹೊಸ ಹಲಗೆಯನ್ನೂ ಕಟ್ಟಬಹುದು. ‘ಬಿಚ್ಚು’ ತನ್ನ ಅರ್ಥದೊಳಗೆ ‘ಕಟ್ಟು’ವನ್ನು ಹೊತ್ತುಕೊಂಡಿದೆ, ‘ಕಟ್ಟು’ ‘ಬಿಚ್ಚು’ವನ್ನು ಹೊತ್ತಿಲ್ಲ. ‘ಕಟ್ಟು’ವಿಗೆ ‘ಬಿಚ್ಚು’ ಒಂದೇ ವಿರುದ್ಧವೂ ಅಲ್ಲ. ಹಲಗೆ ಕಟ್ಟಿದ್ದನ್ನು ಬಿಚ್ಚುತ್ತಾರೆ, ಮನೆ ಕಟ್ಟಿದ್ದನ್ನು ಕೆಡವುತ್ತಾರೆ, ಗಜನಿಯ ಕಟ್ಟೆ ಕಟ್ಟಿದ್ದನ್ನು ನೆರೆ ಬಂದು ಒಡೆಯುತ್ತದೆ. ಯಾವುದನ್ನು ಕಟ್ಟಿದೆ ಎಂದು ತಿಳಿಯದೆ ಗೆರೆ ತುಂಬಲು ಆಗುವುದಿಲ್ಲ.

ಗುರು × ಶಿಷ್ಯ ಎಂಬಲ್ಲಿ ಇರುವುದು ವಿರೋಧವೆನ್ನುವುದಕ್ಕಿಂತ ಒಂದೇ ಸಂಬಂಧವನ್ನು ಎರಡು ಕಡೆಯಿಂದ ನೋಡಿದ ನೋಟ. ಇವನು ಅವನಿಗೆ ಗುರುವಾದರೆ ಅವನು ಇವನಿಗೆ ಶಿಷ್ಯ. ಹೆಸರುಗಳನ್ನು ಅದಲುಬದಲು ಮಾಡಿ ಪದವನ್ನೂ ಬದಲಿಸಿದರೆ ಮಾತು ನಿಜವಾಗಿಯೇ ಉಳಿಯುತ್ತದೆ. ಮಾರು-ಕೊಳ್ಳು, ಮೇಲೆ-ಕೆಳಗೆ, ಅಣ್ಣ-ತಮ್ಮ ಎಲ್ಲ ಈ ಗುಂಪಿನವು. ಅಣ್ಣ-ತಮ್ಮ ಜೋಡಿಯಲ್ಲಿ ಕೊಂಚ ಎಚ್ಚರ ಬೇಕು: ಅಣ್ಣನಾದವನಿಗೆ ಇರುವುದು ತಮ್ಮನೇ ಆಗಬೇಕಿಲ್ಲ, ತಂಗಿಯಾಗಿರಬಹುದು. ಈ ಜಾತಿಯ ಪದಗಳಿಗೆ ಅಂಕೋಲೆಯ ಚರಿತ್ರೆಯಲ್ಲಿ ತುಂಬ ಭಾರವಾದ ಉದಾಹರಣೆಯಿದೆ: ಒಡೆಯ ಮತ್ತು ಗೇಣಿ ರೈತ. ಸಮೀಪದ ಅಲಗೇರಿಯಲ್ಲಿ ಹುಟ್ಟಿದ ದಿನಕರ ದೇಸಾಯಿ (1909-1982) ಈ ಜಿಲ್ಲೆಯ ಗೇಣಿ ರೈತರನ್ನು ಸಂಘಟಿಸಿದವರು; ಅದೇ ಕಾರಣಕ್ಕೆ ಅವರನ್ನು ಸರ್ಕಾರ ಜಿಲ್ಲೆಯಿಂದ ಗಡಿಪಾರು ಮಾಡಿತ್ತು. ‘ಉಳುವವನೇ ನೆಲದ ಒಡೆಯ’ ಎಂಬ ಘೋಷಣೆಯ ಕಸುವು ಎಲ್ಲಿದೆ ಎಂದು ಪದಗಳ ಕಡೆಯಿಂದ ನೋಡಿದರೆ ಸ್ಪಷ್ಟವಾಗುತ್ತದೆ. ಒಡೆಯನೂ ಉಳುವವನೂ ಇಬ್ಬರು ಎಂಬುದರ ಮೇಲೆ ಗೇಣಿ ನಿಂತಿದೆ. ಇಬ್ಬರೂ ಒಬ್ಬನೇ ಎಂದೊಡನೆ ಸಂಬಂಧವೇ ಕುಸಿಯುತ್ತದೆ, ತನಗೆ ತಾನೇ ಗೇಣಿ ಕೊಡುವವರಿಲ್ಲ. ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾದಾಗ ಈ ಎರಡು ಪದಗಳಲ್ಲಿ ಒಂದು ಉಳಿದು ಒಂದು ಅಳಿಯಲಿಲ್ಲ. ಆ ಅರ್ಥದಲ್ಲಿ ಎರಡೂ ಒಟ್ಟಿಗೆ ಹಳತಾದವು. ಅಳತೆಯ ವಿರೋಧದಲ್ಲಿ ಇದು ಆಗುವುದಿಲ್ಲ. ಲೋಕದ ಉಪ್ಪುನೀರೆಲ್ಲ ಬತ್ತಿದರೂ ಸಿಹಿನೀರು ಸಿಹಿಯಾಗಿಯೇ ಇರುತ್ತದೆ. ಒಡೆಯನಿಲ್ಲದ ಗೇಣಿ ರೈತ ಮಾತ್ರ ಇರಲಾರ.

ಇಷ್ಟರವರೆಗೆ ಮಾತಾಡಿದ್ದು ಬಗೆಗಳ ಬಗ್ಗೆ. ಇದರೊಡನೆ ಮತ್ತೆ ಮತ್ತೆ ಗೊಂದಲವಾಗುವ ಇನ್ನೊಂದು ನಂಟು ಭಾಗದ್ದು, ಮೆರೊನಿಮಿ. ಬಂಗಡೆ ಮೀನಿನ ಬಗೆ, ಪೊರೆ ಮೀನಿನ ಭಾಗ. ‘ಬಂಗಡೆ ಒಂದು ಮೀನು’ ಸರಿ, ‘ಪೊರೆ ಒಂದು ಮೀನು’ ತಪ್ಪು. ‘ಮೀನಿನ ಪೊರೆ’ ಸರಿ, ‘ಮೀನಿನ ಬಂಗಡೆ’ ತಪ್ಪು. ಪರೀಕ್ಷೆ ಅಷ್ಟು ಸುಲಭ. ಎರಡೂ ನಡೆದುಕೊಳ್ಳುವ ರೀತಿಯೂ ಒಂದೇ ಅಲ್ಲ. ಬಗೆ-ನಂಟು ಎಷ್ಟು ಮೆಟ್ಟಿಲು ಹತ್ತಿದರೂ ಕಡಿಯುವುದಿಲ್ಲ: ಕರಿ ಈಶಾಡ ಈಶಾಡ, ಈಶಾಡ ಮಾವು, ಆದ್ದರಿಂದ ಕರಿ ಈಶಾಡ ಮಾವು. ಭಾಗ-ನಂಟು ಎರಡನೆಯ ಮೆಟ್ಟಿಲಲ್ಲೇ ಸಡಿಲವಾಗಬಹುದು. ಬಾಗಿಲಿಗೆ ಚಿಲಕವಿದೆ, ಮನೆಗೆ ಬಾಗಿಲಿದೆ, ಆದರೂ ‘ಮನೆಯ ಚಿಲಕ’ ಎಂಬ ಮಾತು ಎಡವುತ್ತದೆ. ಶೆಟಗೇರಿಯ ಹೆಸರಿನಲ್ಲೇ ಇದಕ್ಕಿಂತ ಸ್ವಾರಸ್ಯದ ಸಂಗತಿಯಿದೆ. ಕೇರಿ ಊರಿನ ಭಾಗ, ಊರಿನ ಬಗೆಯಲ್ಲ; ಸಮಾಸದಲ್ಲಿ ಕಕಾರ ಗಕಾರವಾಗಿ ‘ಗೇರಿ’ಯಾಗುವುದು ನಮ್ಮ ಆದೇಶ ಸಂಧಿಯ ದಾರಿ. ಹಾಗೆ ಓದಿದರೆ ಶೆಟಗೇರಿ, ಅಲಗೇರಿ, ಬಡಗೇರಿ ಇವೆಲ್ಲ ಹೆಸರಿನಲ್ಲಿ ಭಾಗಗಳು, ಬಾಳಿನಲ್ಲಿ ಪೂರ್ಣ ಊರುಗಳು, ತಮ್ಮೊಳಗೆ ಬೇರೆ ಕೇರಿಗಳನ್ನೂ ಕೊಪ್ಪಗಳನ್ನೂ ಇಟ್ಟುಕೊಂಡವು. ‘ಬೀಸುಬಲೆ’ ಒಂದು ಬಲೆ, ‘ಒಣಮೀನು’ ಒಂದು ಮೀನು. ಕನ್ನಡದ ಸಮಾಸದಲ್ಲಿ ಕೊನೆಯ ಪದವೇ ಸಾಮಾನ್ಯವಾಗಿ ತಾಯಿಪದ. ಊರ ಹೆಸರಿನಲ್ಲಿ ಆ ನಿಯಮ ಬಲ ಕಳೆದುಕೊಳ್ಳುತ್ತದೆ, ಯಾಕೆಂದರೆ ಅಂಕಿತನಾಮ ವಸ್ತುವನ್ನು ತೋರಿಸುತ್ತದೆಯೇ ಹೊರತು ಬಗೆಯನ್ನು ಹೇಳುವುದಿಲ್ಲ. ಭಾಗ-ನಂಟಿನಲ್ಲೂ ವಿರೋಧ ಹುಟ್ಟಬಲ್ಲದು, ಅಲ್ಲಿಯೂ ಸೂತ್ರ ಅದೇ: ಎರಡೂ ಒಂದೇ ಇಡಿಯ ಭಾಗಗಳಾಗಿರಬೇಕು. ಮರದ ಬುಡ-ತುದಿ, ಮೀನಿನ ತಲೆ-ಬಾಲ. ಮರದ ಬುಡಕ್ಕೆ ಮೀನಿನ ಬಾಲ ವಿರುದ್ಧವಾಗುವುದಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಬಲವಾದದ್ದು ಇದು: ಎಷ್ಟೋ ಜೋಡಿಗಳಿಗೆ ತಾಯಿಪದವೇ ಇಲ್ಲವಲ್ಲ? ಭರತಿ ಮತ್ತು ಇಳತ ಎರಡನ್ನೂ ಸೇರಿಸಿ ಹೇಳುವ ಒಂಟಿ ಪದ ದಿನಬಳಕೆಯಲ್ಲಿಲ್ಲ. ಬಿಸಿ-ತಂಪುಗಳಿಗೆ ‘ತಾಪಮಾನ’ ಎಂಬುದು ಪುಸ್ತಕದಿಂದ ಬಂದದ್ದು. ಅದು ಬರುವ ಮೊದಲೂ ಬಿಸಿಗೆ ತಂಪು ವಿರುದ್ಧವೇ ಆಗಿತ್ತು. ನಿಜ. ಆದರೆ ತಾಯಿಪದ ಎಂದಾಗ ಹೇಳಬೇಕಾದದ್ದು ಜಾಗದ ಬಗ್ಗೆ, ಆ ಜಾಗಕ್ಕೆ ಹೆಸರಿಟ್ಟಿರುವುದರ ಬಗ್ಗೆ ಅಲ್ಲ. ಹೆಸರಿಲ್ಲದ ಜಾಗವನ್ನು ಕನ್ನಡ ತುಂಬುವ ಬಗೆ ಚೆಂದವಾಗಿದೆ: ಜೋಡಿಯನ್ನೇ ಕೂಡಿಸಿ ತಾಯಿಪದ ಮಾಡಿಕೊಳ್ಳುತ್ತದೆ. ‘ಭರತಿ-ಇಳತ ನೋಡಿಕೊಂಡು ದೋಣಿ ಇಳಿಸು’ ಎಂದರೆ ಅಲ್ಲಿ ಏರಿಳಿತದ ಒಟ್ಟು ಲೆಕ್ಕ ಇದೆ. ‘ಹಿರಿಯರು-ಕಿರಿಯರು ಎಲ್ಲ ಬಂದಿದ್ದರು’, ‘ಲಾಭ-ನಷ್ಟ’, ‘ಹೆಚ್ಚು-ಕಡಿಮೆ’, ‘ಕೊಡು-ಕೊಳ್ಳುವಿಕೆ’ ಎಲ್ಲವೂ ಹೀಗೆ. ವಿರುದ್ಧ ಪದಗಳು ಒಟ್ಟು ಸೇರಿ ಇಡಿಯ ಹೆಸರಾಗಬಲ್ಲವು ಎಂಬುದೇ ಅವು ಒಂದೇ ಇಡಿಯನ್ನು ಹಂಚಿಕೊಂಡಿದ್ದವು ಎಂಬುದಕ್ಕೆ ಪುರಾವೆ.

ಎರಡನೆಯ ಆಕ್ಷೇಪ ರೂಢಿಯದು. ಜೋಡಿಗಳು ಬಾಯಿಂದ ಬಾಯಿಗೆ ಬಂದು ಗಟ್ಟಿಯಾದವು, ಅದರಲ್ಲಿ ತರ್ಕ ಹುಡುಕಬಾರದು ಎನ್ನಬಹುದು. ರೂಢಿಯ ಪಾಲು ಇದ್ದೇ ಇದೆ. ಆದರೆ ರೂಢಿಯೂ ಜಾಗವನ್ನು ನೋಡಿಕೊಂಡೇ ನೆಲೆಗೊಳ್ಳುತ್ತದೆ. ಪುಸ್ತಕದಲ್ಲಿ ಬೇಸಿಗೆಗೆ ವಿರುದ್ಧ ಚಳಿಗಾಲ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುವ, ಚಳಿ ಮೈಗೆ ತಾಗಿಯೂ ತಾಗದಂತಿರುವ ಈ ಕರಾವಳಿಯಲ್ಲಿ ವರ್ಷವನ್ನು ಎರಡಾಗಿ ಸೀಳುವುದು ಮಳೆಗಾಲ. ಕಟ್ಟಿಗೆ ಒಟ್ಟುವುದು, ಮೀನು ಒಣಗಿಸುವುದು, ದೋಣಿ ದಡಕ್ಕೆ ಎಳೆಯುವುದು, ಎಲ್ಲವೂ ಮಳೆಗಾಲ ಮತ್ತು ಅದಲ್ಲದ ಕಾಲ ಎಂಬ ಭೇದದ ಮೇಲೆ ನಡೆಯುತ್ತವೆ. ಇಲ್ಲಿ ಬೇಸಿಗೆಯ ಎದುರು ನಿಲ್ಲುವುದು ಮಳೆಗಾಲವೇ. ಹಾಗೆ ಬರೆದ ಮಗುವಿನ ಉತ್ತರವನ್ನು ತಪ್ಪೆಂದು ಹೊಡೆದುಹಾಕಿದರೆ ಅದು ಮಗುವಿಗೆ ಆದ ಅನ್ಯಾಯ.

‘ಅನ್ಯಾಯ’ ಎಂದಾಗ ಮೂರನೆಯ ಆಕ್ಷೇಪ ನೆನಪಾಗುತ್ತದೆ. ಸಂಸ್ಕೃತದ ‘ಅ’ ಹಚ್ಚಿದರೆ ವಿರುದ್ಧ ಪದ ಸಿದ್ಧ, ತಾಯಿಪದ ಯಾಕೆ ಬೇಕು ಎಂಬುದು. ಸಂಸ್ಕೃತ ವೈಯಾಕರಣರೇ ಇದನ್ನು ಒಪ್ಪಿಲ್ಲ. ಈ ನಿಷೇಧದ ‘ಅ’ಕಾರಕ್ಕೆ ಅವರು ಆರು ಅರ್ಥಗಳನ್ನು ಎಣಿಸಿದ್ದಾರೆ: ಹೋಲಿಕೆ, ಅಭಾವ, ಬೇರೆತನ, ಅಲ್ಪತೆ, ಕೀಳುತನ, ವಿರೋಧ. ಆರರಲ್ಲಿ ವಿರೋಧ ಒಂದು ಮಾತ್ರ. ‘ಅಧರ್ಮ’ ಧರ್ಮದ ಅಭಾವವಲ್ಲ, ಅದಕ್ಕೆ ಎದುರು ನಡೆಯುವ ಕ್ರಿಯೆ. ನಡುವೆ ಧರ್ಮವೂ ಅಲ್ಲದ, ಅಧರ್ಮವೂ ಅಲ್ಲದ ಎಷ್ಟೋ ಕೆಲಸಗಳಿವೆ. ಸ್ವಾತಂತ್ರ್ಯ ಹೋರಾಟದಲ್ಲಿ ಅಂಕೋಲೆಯ ರೈತರು ಕರ ನಿರಾಕರಿಸಿ ಜಮೀನು ಕಳೆದುಕೊಂಡಾಗ ನಡೆಸಿದ ‘ಅಸಹಕಾರ’ ಸಹಕಾರದ ಬರಿಯ ಇಲ್ಲದಿರುವಿಕೆ ಆಗಿರಲಿಲ್ಲ. ಸುಮ್ಮನೆ ಮನೆಯಲ್ಲಿ ಕುಳಿತವನೂ ಸಹಕರಿಸಿರುವುದಿಲ್ಲ. ಅವನನ್ನು ಅಸಹಕಾರಿ ಎನ್ನುವುದಿಲ್ಲ. ‘ಅ’ ಕಂಡಲ್ಲೆಲ್ಲ ಎರಡೇ ಕೋಣೆಗಳಿವೆ ಎಂದು ನಂಬಿದರೆ ಇಂಥ ಪದಗಳ ತಿರುಳೇ ಕೈತಪ್ಪುತ್ತದೆ.

ಪದಗಳನ್ನು ನಂಟಿನ ಪ್ರಕಾರ ಜೋಡಿಸುವ ಕೆಲಸ ನಮ್ಮಲ್ಲಿ ಹೊಸದೂ ಅಲ್ಲ. ಅಮರಕೋಶ ಅಕ್ಷರಗಳ ಕ್ರಮದಲ್ಲಿಲ್ಲ, ವರ್ಗಗಳ ಕ್ರಮದಲ್ಲಿದೆ. ಅದರ ವಾರಿವರ್ಗದಲ್ಲಿ ಸಮುದ್ರ, ಅಲೆ, ದೋಣಿ, ದೋಣಿಯ ಚುಕ್ಕಾಣಿ ಮತ್ತು ಹುಟ್ಟು, ಮೀನು, ಮೀನಿನ ಬಗೆಗಳು ಹತ್ತಿರ ಹತ್ತಿರ ಬರುತ್ತವೆ; ಬಗೆಯೂ ಭಾಗವೂ ಅಲ್ಲಿ ಅಕ್ಕಪಕ್ಕ ಕೂತಿವೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಶಿವಜಾ ನಾಯರ್ ಮತ್ತು ಅಂಬಾ ಕುಲಕರ್ಣಿ ಈ ನಂಟುಗಳನ್ನು ಬಿಡಿಸಿ ಗುರುತುಹಾಕಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಪ್ರಯೋಗಗಳನ್ನು ಕೊಡುವುದರಲ್ಲಿ ಅಸಾಧಾರಣ ಕೆಲಸ, ಆದರೆ ಅಕಾರಾದಿಯಾದ್ದರಿಂದ ‘ಕರಿ’ ಒಂದು ಸಂಪುಟಕ್ಕೆ, ‘ಬಿಳಿ’ ಇನ್ನೊಂದಕ್ಕೆ ಹೋಗುವುದು ಅನಿವಾರ್ಯ. ಕಂಪ್ಯೂಟರಿಗಾಗಿ ಭಾರತೀಯ ಭಾಷೆಗಳಲ್ಲಿ ಕಟ್ಟಿದ ಪದಜಾಲಗಳು ನಂಟುಗಳನ್ನೇ ಬೆನ್ನೆಲುಬು ಮಾಡಿಕೊಂಡಿವೆ. ಅವುಗಳಲ್ಲಿ ಹೆಚ್ಚಿನವು ಐಐಟಿ ಬಾಂಬೆಯ ಹಿಂದಿ ಪದಜಾಲದ ಪರಿಕಲ್ಪನೆಗಳನ್ನು ತೆಗೆದುಕೊಂಡು ತಮ್ಮ ಭಾಷೆಯ ಪದಗಳನ್ನು ತುಂಬುವ ವಿಧಾನದಿಂದ ಬೆಳೆದವು. ಕೆಲಸ ಬೇಗ ಸಾಗಲು ಅದು ಒಳ್ಳೆಯ ದಾರಿ. ಅದರ ಮಿತಿ ಮಕ್ಕಿ, ಬೈಲು, ಗಜನಿಗಳಲ್ಲಿ ಎದ್ದು ಕಾಣುತ್ತದೆ. ಪದವೊಂದು ಬಿಟ್ಟುಹೋದರೆ ಆಮೇಲೆ ಸೇರಿಸಬಹುದು. ಆದರೆ ಗದ್ದೆಯ ಜಾಗವನ್ನು ಈ ಕರಾವಳಿ ಎತ್ತರದಿಂದಲೂ ಉಪ್ಪಿನಿಂದಲೂ ಎರಡು ಸಲ ಭಾಗ ಮಾಡಿದೆ ಎಂಬ ಸಂಗತಿ ಬೇರೆ ಭಾಷೆಯ ಪರಿಕಲ್ಪನೆಯ ಪಟ್ಟಿಯಿಂದ ಇಳಿದುಬರುವುದಿಲ್ಲ. ಎತ್ತರದ ಲೆಕ್ಕದಲ್ಲಿ ಮಕ್ಕಿಗೆ ಬೈಲು ವಿರುದ್ಧ. ಉಪ್ಪಿನ ಲೆಕ್ಕದಲ್ಲಿ ಅವೆರಡೂ ಒಂದು ಕಡೆ, ಗಜನಿ ಇನ್ನೊಂದು ಕಡೆ. ಇದನ್ನು ಬಲ್ಲವರು ಆ ಗದ್ದೆಗಳನ್ನು ಮಾಡಿದವರು, ಅವರಿಂದಲೇ ಕೇಳಿ ಬರೆದುಕೊಳ್ಳಬೇಕು.

ಶಾಲೆಯ ಅಭ್ಯಾಸಕ್ಕೆ ಬೇಕಾದ ತಿದ್ದುಪಡಿ ಚಿಕ್ಕದು. ಮಕ್ಕಳಿಗೆ ಇಷ್ಟೆಲ್ಲ ಜಾತಿಗಳ ಹೆಸರು ಬೇಡ, ಅದು ಹೊರೆ. ಆದರೆ ‘ಹಸಿ × ____’ ಎಂಬುದರ ಬದಲು ‘ಹಸಿ ಮೀನು × ____ ಮೀನು’, ‘ಹಸಿ ಗಾಯ × ____ ಗಾಯ’ ಎಂದು ಕೊಟ್ಟರೆ ತಾಯಿಪದ ಗೆರೆಯ ಎರಡೂ ಕಡೆ ಕಣ್ಣಿಗೆ ಬೀಳುತ್ತದೆ. ‘ಕಟ್ಟೆಯನ್ನು ಕಟ್ಟಿದರು × ಕಟ್ಟೆಯನ್ನು ____’ ಎಂಬಲ್ಲಿ ಮಗು ಕಟ್ಟೆಯನ್ನು ಒಡೆಯುತ್ತದೆ, ಹಗ್ಗದಂತೆ ಬಿಚ್ಚುವುದಿಲ್ಲ. ‘ಸಿಹಿ ನೀರು × ____ ನೀರು’ ಎಂದು ಕೇಳಿದರೆ ಶೆಟಗೇರಿಯ ಮಗು ಉಪ್ಪು ಎಂದು ಬರೆಯುತ್ತದೆ, ಸವಳು ಎಂದು ಬರೆದರೂ ಮಾತಾಡಲು ಒಂದು ವಿಷಯ ಸಿಕ್ಕಿತು ಎಂದು ಶಿಕ್ಷಕರು ತಿಳಿಯಬಹುದು.